ಗೇಟಿನಿಂದ ಡಿಸ್ಪ್ಯಾಚಿಗೆ

ನೋಡು ಮಗು, ಪೀಣ್ಯದಲ್ಲಿ ನೀನು ಹಾಕಿರುವ ಬಾಕ್ಸ್ ಯೂನಿಟ್ಟಿನ ಮೆಷಿನ್ನುಗಳನ್ನು ಮೊನ್ನೆ ನೋಡಿ ಬಂದೆ. ಕೆಲಸ ಚೊಕ್ಕವಾಗಿದೆ. ಆದರೆ ದಿನಕ್ಕೆ ಹತ್ತು ಆಫೀಸು ಸುತ್ತಿ, ಹತ್ತು ಕಡೆಯೂ ಕಾರ್ಡ್ ಕೊಟ್ಟು ಬರುತ್ತಿದ್ದೀಯ ಎಂದು ನಿಮ್ಮಮ್ಮ ಹೇಳಿದಳು. ಆ ಕಾರ್ಡುಗಳು ಎಲ್ಲಿಗೆ ಹೋಗುತ್ತವೆ ಎಂದು ನನಗೆ ಗೊತ್ತು. ಪರ್ಚೇಸ್ ಆಫೀಸರ್ ಮೇಜಿನ ಡ್ರಾಯರಿನಲ್ಲಿ ನಿನ್ನಂಥವರದ್ದು ಒಂದು ಕಟ್ಟೇ ಇರುತ್ತದೆ. "ನಮಗೆ ಸಪ್ಲೈಯರ್ ಇದ್ದಾರೆ" ಎಂದು ಅವರು ಹೇಳುವುದೂ ಸುಳ್ಳಲ್ಲ.

ಹತ್ತು ಬೇಡ, ದಿನಕ್ಕೆ ಎರಡು ಕಡೆ ಹೋಗು. ಮೊದಲು ಫೋನ್ ಮಾಡಿ, ಪ್ಯಾಕಿಂಗ್ ಸಾಮಾನು ಕೊಳ್ಳುವವರು ಯಾರು ಎಂದಷ್ಟೇ ಕೇಳು. ಫೋನಿನಲ್ಲಿ ರೇಟು ಹೇಳಬೇಡ. ಹೇಳಿದರೆ ಅದನ್ನೇ ತೋರಿಸಿ ಹಳೆಯ ಸಪ್ಲೈಯರ್ ಹತ್ತಿರ ಎರಡು ರೂಪಾಯಿ ಇಳಿಸಿಕೊಳ್ಳುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ತಿಂಗಳ ಕೊನೆಯ ವಾರ ಆ ಕಡೆ ಸುಳಿಯಬೇಡ. ಮಾಲು ಹೊರಡಿಸುವ ಗಡಿಬಿಡಿಯಲ್ಲಿ ಯಾರಿಗೂ ನಿನ್ನ ಮುಖ ನೋಡಲು ಪುರುಸೊತ್ತಿರುವುದಿಲ್ಲ. ಆಫೀಸರ್ ಸಿಕ್ಕಾಗ ಆರ್ಡರ್ ಕೇಳಬೇಡ. "ಸರ್, ನಿಮ್ಮ ಡಿಸ್ಪ್ಯಾಚ್ ಒಮ್ಮೆ ನೋಡಬಹುದಾ?" ಎಂದು ಕೇಳು.

ಅಲ್ಲಿ ಹೋದರೆ ಟೇಪು ನೋಡು. ಒಳ್ಳೆಯ ಬಾಕ್ಸಿಗೆ ಮೇಲೊಂದು, ಕೆಳಗೊಂದು ಟೇಪು ಸಾಕು. ಸುತ್ತಲೂ ಮೂರು ನಾಲ್ಕು ಸುತ್ತು ಹಾಕಿದ್ದರೆ ಆ ಬಾಕ್ಸ್ ಅವರಿಗೆ ತೊಂದರೆ ಕೊಡುತ್ತಿದೆ ಎಂದು ತಿಳಿ. ಪೇರಿಸಿಟ್ಟ ಸಾಲಿನಲ್ಲಿ ಕೆಳಗಿನದರ ಪಕ್ಕ ಉಬ್ಬಿದೆಯಾ, ಮೇಲ್ಭಾಗ ಕುಸಿದಿದೆಯಾ ನೋಡು. ಆಫೀಸರಿಗೆ ಗೊತ್ತಿಲ್ಲದ ಸಂಕಟ ಅಲ್ಲಿ ಪ್ಯಾಕ್ ಮಾಡುವ ಹೆಂಗಸರಿಗೆ ಗೊತ್ತಿರುತ್ತದೆ. ಅವರನ್ನು "ಏನಮ್ಮಾ, ಯಾವ ಬಾಕ್ಸ್ ಕಾಟ ಕೊಡುತ್ತೆ?" ಎಂದು ಕೇಳು.

ನನಗೆ ಮೊದಲ ದೊಡ್ಡ ಆರ್ಡರ್ ಸಿಕ್ಕಿದ್ದು ಹಾಗೆಯೇ. ನಲ್ಲಿ ತಯಾರಿಸುವ ಕಾರ್ಖಾನೆಯೊಂದರಲ್ಲಿ ಟೇಪು ನಾಲ್ಕು ಸುತ್ತಿತ್ತು. ಖಾಲಿ ಬಾಕ್ಸೊಂದನ್ನು ಕೇಳಿ ತಂದು ಅಳೆದೆ. ಉದ್ದ 400, ಅಗಲ 300, ಎತ್ತರ 250 ಮಿಲಿಮೀಟರ್, ಐದು ಪ್ಲೈ. ಕಾಗದವೇನೂ ಕಳಪೆಯಾಗಿರಲಿಲ್ಲ. ಎರಡು ಬಗೆಯ ನಲ್ಲಿಗೂ ಒಂದೇ ಬಾಕ್ಸ್ ಬಳಸುತ್ತಿದ್ದರು. ಚಿಕ್ಕ ನಲ್ಲಿ ತುಂಬಿದಾಗ ಮೇಲೆ ಎರಡು ಬೆರಳಿನಷ್ಟು ಜಾಗ ಖಾಲಿ. ಮೇಲಿನ ಬಾಕ್ಸಿನ ಭಾರ ಆ ಖಾಲಿ ಜಾಗದ ಮೇಲೆ ಕೂತು ಮುಚ್ಚಳ ಒಳಕ್ಕೆ ಕುಸಿಯುತ್ತಿತ್ತು. ಪ್ಲೈ ಹೆಚ್ಚಿಸಿದರೆ ಖರ್ಚು ಏರುತ್ತಿತ್ತೇ ಹೊರತು ಆ ಜಾಗ ತುಂಬುತ್ತಿರಲಿಲ್ಲ.

ಚಿಕ್ಕ ನಲ್ಲಿಗೆ ಎತ್ತರವನ್ನು 40 ಮಿಲಿಮೀಟರ್ ಇಳಿಸಿದೆ. ಲೆಕ್ಕ ನೀನೂ ಹಾಕಿ ನೋಡು. ಹಳೆಯದಕ್ಕೆ 1440 ಉದ್ದ, 570 ಅಗಲದ ಹಾಳೆ ಬೇಕು. 150 ಜಿಎಸ್‌ಎಂನ ಮೂರು ಚಪ್ಪಟೆ ಪದರ, ಎರಡು ಅಲೆ ಪದರ. ಅಲೆಗೆ ಕಾಗದ ಸುಮಾರು 1.4 ಪಟ್ಟು ಹಿಡಿಯುತ್ತದೆ. ಒಟ್ಟು ಚದರ ಮೀಟರಿಗೆ 870 ಗ್ರಾಂ. ಅಂಟು ಬಿಟ್ಟು ಒಂದು ಬಾಕ್ಸಿಗೆ ಸುಮಾರು 715 ಗ್ರಾಂ. ಹೊಸದರ ಹಾಳೆ ಅಗಲ 530, ತೂಕ ಸುಮಾರು 665. ಬಾಕ್ಸಿಗೆ 50 ಗ್ರಾಂ ಕಾಗದ ಉಳಿಯಿತು, ಟೇಪೂ ಉಳಿಯಿತು. ಅದೇ ಕಾಗದದಲ್ಲಿ ಐದು ಸ್ಯಾಂಪಲ್ ಮಾಡಿ, ಅವರ ನಲ್ಲಿಯನ್ನೇ ತುಂಬಿ, ಸಾಲಾಗಿ ಪೇರಿಸಿ, ಎರಡು ದಿನ ಬಿಡಿ ಎಂದೆ. ರೇಟು ಹೇಳಿದ್ದು ಅದಾದ ಮೇಲೆ. ನನ್ನ ಲಾಭ ಕಡಿಮೆ ಮಾಡಿಕೊಳ್ಳದೆಯೇ ಹಳೆಯ ರೇಟಿಗಿಂತ ಕೆಳಗೆ ಹೇಳಲು ಆಯಿತು.

ಸ್ಯಾಂಪಲ್ಲಿಗೆ ಹಾಕಿದ ಕಾಗದವನ್ನೇ ಆರ್ಡರಿಗೂ ಹಾಕು ಮಗು. ಇದನ್ನು ಕೈಹಿಡಿದು ಕೇಳಿಕೊಳ್ಳುತ್ತೇನೆ. ಅವರು ತೂಕ ಹಾಕಿ ನೋಡುತ್ತಾರೆ. ಗೋಡೌನಿನಲ್ಲಿ ರೀಲು ನೆಲಕ್ಕೆ ತಾಗಿ ಮಳೆಗಾಲದ ತೇವ ಎಳೆದಿದ್ದರೆ ತೂಕ ಸರಿಯಿದ್ದರೂ ಬಾಕ್ಸ್ ಸೋಲುತ್ತದೆ. ರೀಲುಗಳನ್ನು ಮರದ ಹಲಗೆಯ ಮೇಲಿಡು.

ಇನ್ನು ನನಗೆ ನಿಜವಾಗಿ ಭಯವಿರುವುದು ಆರ್ಡರ್ ಸಿಗದಿರುವುದರ ಬಗ್ಗೆ ಅಲ್ಲ, ಸಿಕ್ಕುವುದರ ಬಗ್ಗೆ. ತಿಂಗಳಿಗೆ 3,000 ಬಾಕ್ಸ್ ಎಂದರೆ ಎರಡು ಟನ್ ಕಾಗದ. ಕಾಗದದವನು ಹೊಸಬನಾದ ನಿನಗೆ ಸಾಲ ಕೊಡುವುದಿಲ್ಲ. ಕಂಪನಿ 45 ದಿನಕ್ಕೆ ಹಣ ಕೊಟ್ಟರೆ, ಮುಂಚೆ ತಂದಿಟ್ಟ ಹದಿನೈದು ದಿನದ ಕಾಗದವೂ ಸೇರಿ ನಾಲ್ಕು ಟನ್ನಿನ ದುಡ್ಡು ಸದಾ ಹೊರಗಿರುತ್ತದೆ. ಅಷ್ಟು ನಿನ್ನ ಕೈಯಲ್ಲಿದೆಯಾ ಎಂದು ಒಪ್ಪಿಕೊಳ್ಳುವ ಮುಂಚೆ ನೋಡಿಕೋ.

ಉದ್ಯಮ್ ನೋಂದಣಿ ಇನ್ನೂ ಮಾಡಿಸಿಲ್ಲದಿದ್ದರೆ ಈ ವಾರವೇ ಮಾಡಿಸು, ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸು. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಬರವಣಿಗೆಯ ಒಪ್ಪಂದವಿದ್ದರೂ 45 ದಿನಕ್ಕಿಂತ ಹೆಚ್ಚು ಗಡುವು ಇಡುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ಆದಾಯ ತೆರಿಗೆಯಲ್ಲಿಯೂ 2024ರ ಏಪ್ರಿಲ್‌ನಿಂದ, ಗಡುವು ಮೀರಿದ ಬಾಕಿಯನ್ನು ಕೊಳ್ಳುವವರು ಪಾವತಿಸುವ ತನಕ ಖರ್ಚಿಗೆ ತೋರಿಸುವಂತಿಲ್ಲ ಎಂಬ ನಿಯಮ ಬಂತು. ಹಾಗೆಂದು ಮೊದಲ ದಿನವೇ ಕಾಯ್ದೆ ಹಿಡಿದು ಮಾತಾಡಬೇಡ. ಪರ್ಚೇಸ್ ಆರ್ಡರಿನಲ್ಲಿ ದಿನ ಬರೆಸಿಕೋ, ಮಾಲು ಮುಟ್ಟಿದ ಚಲನ್‌ಗೆ ಸೀಲು ಹಾಕಿಸಿಕೋ.

ಆ ನಲ್ಲಿ ಕಾರ್ಖಾನೆಯವರು ಮೊದಲ ಸಲವೇ ಹತ್ತು ಸಾವಿರ ಬಾಕ್ಸ್ ಕೇಳಿದರು. ನಾನು ಒಂದು ಸಾವಿರ ಕಳಿಸಿದೆ. ಆ ಬಿಲ್ಲಿನ ಹಣ ಬ್ಯಾಂಕಿಗೆ ಬಂದ ದಿನ ಮುಂದಿನ ಮೂರು ಸಾವಿರಕ್ಕೆ ಕಾಗದ ತಂದೆ.