ಮನೆಯೊಳಗಿನ ಅರಿಗತೋ

ನಾನು ತೀರ್ಥಹಳ್ಳಿ ಕಡೆಯವಳು, ನನ್ನ ಗಂಡ ಜಪಾನಿನವನು. ಮದುವೆಯಾಗಿ ಎಂಟು ವರ್ಷವಾಯಿತು, ಟೋಕಿಯೋ ಪಕ್ಕದ ಸೈತಾಮಾದಲ್ಲಿ ಮನೆ. ಮೊದಲ ಎರಡು ವರ್ಷ ಇಂಗ್ಲಿಷಿನಲ್ಲೇ ಸಂಸಾರ ನಡೆಯಿತು. ಆಮೇಲೆ, ಅವನು ಹುಟ್ಟಿ ಬೆಳೆದ ಭಾಷೆಯಲ್ಲೇ ಅವನ ಜೊತೆ ಬದುಕಬೇಕು ಅನ್ನಿಸಿ ಮನೆ ಮಾತನ್ನು ಜಪಾನಿಗೆ ಬದಲಾಯಿಸಿಕೊಂಡೆವು. ಬೇರೆಲ್ಲ ಹೇಗೋ ಬಂತು. ಅವನು ಮಾಡಿದ್ದಕ್ಕೆ ಮನಸ್ಸು ತುಂಬಿ ಬಂದಾಗ ಅದನ್ನು ಹೇಳುವುದು ಮಾತ್ರ ಬಹಳ ದಿನ ಬರಲಿಲ್ಲ. ನಾನು ತಪ್ಪಿದ ಜಾಗಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಇದೇ ದಾರಿಯಲ್ಲಿ ಬರುತ್ತಿರುವವರಿಗೆ ಉಪಯೋಗವಾದರೆ ಸಂತೋಷ.

1. ಪೂರ್ತಿ ರೂಪ ಹೊರಗಿನವರಿಗೆ, ಅರ್ಧ ರೂಪ ಮನೆಯವರಿಗೆ.

ಪುಸ್ತಕದಲ್ಲಿ ನಾನು ಕಲಿತದ್ದು 'ಅರಿಗತೋ ಗೊಜಾಯ್ಮಸ್'. ಕಾಫಿ ಕೊಟ್ಟರೆ ಅದು, ಬಟ್ಟೆ ಮಡಚಿಟ್ಟರೆ ಅದು, ಜ್ವರ ಬಂದ ರಾತ್ರಿ ತಲೆಯ ಹತ್ತಿರ ಕೂತಿದ್ದರೂ ಅದೇ. ಮರ್ಯಾದೆ ಹೆಚ್ಚಾದಷ್ಟೂ ಪ್ರೀತಿ ಹೆಚ್ಚು ಕಾಣುತ್ತದೆ ಅಂದುಕೊಂಡಿದ್ದೆ. ಜ್ವರ ಬಿಟ್ಟ ಮೇಲೆ ಅವನು ಮೆಲ್ಲಗೆ ಕೇಳಿದ, 'ನನ್ನ ಮೇಲೆ ಏನಾದರೂ ಬೇಜಾರಾ?' ಅಂತ. ಅವನ ಕಿವಿಗೆ ಆ 'ಗೊಜಾಯ್ಮಸ್' ನಾನು ಒಂದು ಹೆಜ್ಜೆ ಹಿಂದೆ ಸರಿದು ನಿಂತ ಹಾಗೆ ಕೇಳಿಸುತ್ತಿತ್ತು. ಜಗಳವಾದಾಗ ಅವನ ತಂಗಿಯೂ ಗಂಡನ ಹತ್ತಿರ ಹೀಗೇ ಮರ್ಯಾದೆಯ ಮಾತಿಗೆ ಇಳಿಯುತ್ತಾಳಂತೆ. ಅವತ್ತಿನಿಂದ ಮನೆಯಲ್ಲಿ ಬರಿಯ 'ಅರಿಗತೋ' ಅಂದೆ. ಅತ್ತೆಯ ಹತ್ತಿರ ಮಾತ್ರ ಪೂರ್ತಿ ರೂಪ ಬಿಡಲಿಲ್ಲ. ಅಲ್ಲಿ ಅದನ್ನು ಕತ್ತರಿಸಿದರೆ ಸಲಿಗೆ ಅತಿಯಾಗುತ್ತದೆ.

2. ಏನು ಮಾಡಿದ ಅಂತ ಹೆಸರು ಹಿಡಿದು ಹೇಳಬೇಕು.

ಬರಿಯ 'ಅರಿಗತೋ' ಬೇಗ ಸವೆಯುತ್ತದೆ. ದಿನಕ್ಕೆ ಹತ್ತು ಸಲ ಅಂದರೆ ಅದು ಉಸಿರಿನ ಹಾಗೆ, ಬಂದದ್ದೂ ಗೊತ್ತಾಗುವುದಿಲ್ಲ. ನನಗೆ ಇದು ಹೊಳೆದದ್ದು ಒಂದು ಜೂನ್ ತಿಂಗಳ ಮಳೆಯಲ್ಲಿ. ಆಫೀಸಿನಿಂದ ಬರುವಾಗ ಕೊಡೆ ಇರಲಿಲ್ಲ, ಫೋನಿನಲ್ಲಿ ಚಾರ್ಜೂ ಇರಲಿಲ್ಲ. ಸ್ಟೇಷನ್ನಿನ ಟಿಕೆಟ್ ಗೇಟಿನಾಚೆ ಅವನು ನಿಂತಿದ್ದ. ಒಂದು ಕೊಡೆ ಬಿಡಿಸಿದ್ದು, ಇನ್ನೊಂದು ತೋಳಿಗೆ ಸಿಕ್ಕಿಸಿಕೊಂಡದ್ದು. ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದ ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. 'ಅರಿಗತೋ' ಅಂದೆ. ಬಾಗಿಲು ಹಿಡಿದುಕೊಂಡ ಅಪರಿಚಿತನಿಗೂ ನಾನು ಅಷ್ಟೇ ಅಂದಿರುತ್ತಿದ್ದೆ. ಮನೆಯವರೆಗೂ ಅದು ಕೊರೆಯಿತು.

ಮಾರನೆಯ ದಿನ ಜಪಾನಿ ಕಲಿಸುವ ಮೇಡಂ ಹತ್ತಿರ ಕೇಳಿದಾಗ ಅವರು ಒಂದು ಸಾಲು ಬರೆದುಕೊಟ್ಟರು: 'ಮುಕಾಎ ನಿ ಕಿತೆ ಕುರೆತೆ ಅರಿಗತೋ'. ಕರೆದುಕೊಂಡು ಹೋಗಲು ಬಂದೆಯಲ್ಲ, ಅದಕ್ಕೆ ಅರಿಗತೋ. ಇದರಲ್ಲಿ ಬೆಲೆಬಾಳುವುದು ನಡುವಿನ 'ಕುರೆತೆ'. ಕ್ರಿಯಾಪದದ ತುದಿಗೆ ಅದನ್ನು ಸೇರಿಸಿದರೆ ಎದುರಿನವನು ಆ ಕೆಲಸವನ್ನು ನನಗಾಗಿ, ನನ್ನ ಕಡೆಗೆ ಮಾಡಿದ ಅನ್ನುವ ಅರ್ಥ ಬರುತ್ತದೆ. ಕಾದಿದ್ದರೆ 'ಮತ್ತೆ ಕುರೆತೆ', ಕೇಳಿಸಿಕೊಂಡಿದ್ದರೆ 'ಕೀತೆ ಕುರೆತೆ', ಅಡುಗೆ ಮಾಡಿದ್ದರೆ 'ತ್ಸುಕುತ್ತೆ ಕುರೆತೆ'. ಅವತ್ತು ರಾತ್ರಿ ಆ ಸಾಲನ್ನು ಒಂದು ದಿನ ತಡವಾಗಿ ಹೇಳಿದೆ. ಅವನು ತೊಳೆಯುತ್ತಿದ್ದ ಬಟ್ಟಲನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದ.

ತಡವಾಗಿ ಹೇಳಿದ್ದೂ ತಪ್ಪಾಗಿರಲಿಲ್ಲ. ಜಪಾನಿನಲ್ಲಿ ನಿನ್ನೆಯದನ್ನು, ಹೋದ ವಾರದ್ದನ್ನು ನೆನೆದು ಇನ್ನೊಮ್ಮೆ ಹೇಳುವ ರೂಢಿಯಿದೆ. 'ಕಿನೋ ವ ಅರಿಗತೋ', ನಿನ್ನೆಯದಕ್ಕೆ ಅರಿಗತೋ. ನಮ್ಮಲ್ಲಿ ಹಾಗೆ ಮತ್ತೆ ಮತ್ತೆ ಹೇಳಿದರೆ ಲೆಕ್ಕ ಇಟ್ಟ ಹಾಗಾಗುತ್ತದೆ. ಅಲ್ಲಿ ಹೇಳದಿದ್ದರೆ ಮರೆತ ಹಾಗಾಗುತ್ತದೆ.

3. ನಾನು ಮಾಡಿದ್ದನ್ನು ಹೇಳುವ ಮಾತು ಬೇರೆ, ಅದರಲ್ಲಿ ಹಂಗಿನ ವಾಸನೆ ಬರಬಾರದು.

ನನಗೆ ಅತಿ ಹೆಚ್ಚು ಕಷ್ಟ ಕೊಟ್ಟದ್ದು ಇದು. ಅದಕ್ಕೆ ಕಾರಣ ಕನ್ನಡದಲ್ಲೇ ಇತ್ತು. ನಾವು 'ಮಾಡಿಕೊಡು' ಅನ್ನುತ್ತೇವೆ. 'ನಾನು ಮಾಡಿಕೊಟ್ಟೆ', 'ನೀನು ಮಾಡಿಕೊಟ್ಟೆ'. ಎರಡಕ್ಕೂ ಒಂದೇ 'ಕೊಟ್ಟೆ', ಯಾರು ಯಾರಿಗೆ ಅನ್ನುವುದು ಪಕ್ಕದ ಪದಗಳಿಂದ ತಿಳಿಯುತ್ತದೆ. ಜಪಾನಿಯಲ್ಲಿ ಅದಕ್ಕೆ ಎರಡು ದಾರಿ. ನನ್ನ ಕಡೆ ಬಂದರೆ 'ಕುರೆರು', ನನ್ನಿಂದ ಆಚೆ ಹೋದರೆ 'ಅಗೆರು'. ಎರಡೂ 'ಕೊಡು'ವೇ ತಾನೇ ಅಂದುಕೊಂಡು ಒಂದು ಬೆಳಗ್ಗೆ ಊಟದ ಡಬ್ಬಿ ಕೈಗಿಟ್ಟು, 'ಬೆಂತೋ ತ್ಸುಕುತ್ತೆ ಅಗೆತ ಯೊ' ಅಂದೆ. ನನ್ನ ಮನಸ್ಸಿನಲ್ಲಿದ್ದದ್ದು 'ನಿನಗೆ ಡಬ್ಬಿ ಮಾಡಿಕೊಟ್ಟಿದ್ದೀನಿ' ಅನ್ನುವ ಮುದ್ದಿನ ಮಾತು. ಅವನಿಗೆ ಕೇಳಿಸಿದ್ದು 'ನಿನಗೋಸ್ಕರ ಇಷ್ಟು ಮಾಡಿದೆ, ನೆನಪಿರಲಿ' ಅಂತ, ಮಾಡಿದ್ದನ್ನು ಎತ್ತಿ ಆಡಿದ ಹಾಗೆ. ಡಬ್ಬಿ ತೆಗೆದುಕೊಂಡು ಎರಡು ಸಲ ತಲೆ ಬಾಗಿಸಿ ಹೋದ. ಗಂಡ ಹೆಂಡತಿಗೆ ಅಷ್ಟು ತಲೆ ಬಾಗಿಸುವಂಥದ್ದು ಏನೂ ನಡೆದಿರಲಿಲ್ಲ.

ಈಗ 'ತ್ಸುಕುತ್ತ ಯೊ' ಅಷ್ಟೇ ಅನ್ನುತ್ತೇನೆ, 'ಮಾಡಿದೆ' ಅಂತ. ನನ್ನದನ್ನು ಬರಿಯ ಕ್ರಿಯಾಪದದಲ್ಲಿ ಮುಗಿಸುತ್ತೇನೆ, ಅವನದಕ್ಕೆ ಮಾತ್ರ 'ಕುರೆತ' ಸೇರಿಸುತ್ತೇನೆ.

ಅದನ್ನು ಸೇರಿಸದೆ ಬಿಟ್ಟರೆ ಏನಾಗುತ್ತದೆ ಅನ್ನುವುದೂ ಗೊತ್ತಾಯಿತು. ಒಮ್ಮೆ ಅತ್ತೆ ಫೋನಿನಲ್ಲಿ ಊಟ ಆಯಿತಾ ಅಂತ ಕೇಳಿದರು. 'ಅವರು ಅಡುಗೆ ಮಾಡಿದರು' ಅಂತ ನೆಟ್ಟಗೆ ಹೇಳಿದೆ, 'ತ್ಸುಕುರಿಮಶ್ತ'. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಅತ್ತೆ ಕ್ಷಣ ಸುಮ್ಮನಾಗಿ, 'ಚೆನ್ನಾಗಿರಲಿಲ್ಲವೇ?' ಅಂದರು. 'ತ್ಸುಕುತ್ತೆ ಕುರೆಮಶ್ತ' ಅಂದಿದ್ದರೆ ಅವರ ಮಗ ನನಗಾಗಿ ಮಾಡಿದ, ನನಗೆ ಸಂತೋಷವಾಯಿತು ಅನ್ನುವುದು ಎರಡೂ ಅದರಲ್ಲೇ ಬಂದುಬಿಡುತ್ತಿತ್ತು. ಅರಿಗತೋ ಅನ್ನುವ ಪದವೇ ಬೇಕಿರಲಿಲ್ಲ. ಗಂಡನ ಬೆನ್ನ ಹಿಂದೆ ಬೇರೆಯವರ ಹತ್ತಿರ ಆಡುವ ಮಾತಿನಲ್ಲೂ ಕೃತಜ್ಞತೆ ಇರುತ್ತದೆ, ಇಲ್ಲದಿದ್ದರೆ ಅದೂ ಕಾಣುತ್ತದೆ. 'ಕುರೆರು' ಅನ್ನುವ ಈ ಒಂದು ಪದಕ್ಕಾಗಿ ನಾನು ಆ ಭಾಷೆಯನ್ನು ಪ್ರೀತಿಸುತ್ತೇನೆ.

4. ಅವನು ಕ್ಷಮೆ ಕೇಳುತ್ತಿದ್ದಾನೆ ಅಂದುಕೊಳ್ಳುವ ಮೊದಲು ತಡೆಯಬೇಕು.

ಅವನು ಕೆಲಸದಿಂದ ತಡವಾಗಿ ಬಂದ ದಿನ ಊಟ ಬಿಸಿ ಮಾಡಿ ಇಟ್ಟರೆ 'ಗೊಮೆನ್ ನೆ' ಅನ್ನುತ್ತಿದ್ದ. ಗೊಮೆನ್ ಅಂದರೆ ಕ್ಷಮಿಸು ಅಂತ ಕಲಿತಿದ್ದೆ. 'ಪರವಾಗಿಲ್ಲ, ಬಿಡು' ಅಂತ ಪ್ರತಿದಿನ ಕ್ಷಮಿಸುತ್ತಾ ಬಂದೆ. ಅವನು ಹೇಳುತ್ತಿದ್ದದ್ದು ನನ್ನಿಂದ ನಿನಗೆ ತೊಂದರೆಯಾಯಿತು, ಅದು ನನಗೆ ಗೊತ್ತಿದೆ ಅಂತ. ಅದೂ ಕೃತಜ್ಞತೆಯೇ. ಹೊರಗೆ ಇದೇ ಕೆಲಸವನ್ನು 'ಸುಮಿಮಸೆನ್' ಮಾಡುತ್ತದೆ. ರೈಲಿನಲ್ಲಿ ಯಾರಾದರೂ ಬಿದ್ದ ಕರವಸ್ತ್ರ ಎತ್ತಿಕೊಟ್ಟರೆ ಹಾಗನ್ನುತ್ತಾರೆ. ಅದನ್ನು ನಾನು ಮನೆಗೂ ತಂದಿದ್ದೆ. ಗಂಡನಿಗೆ ಅದು ದೂರದ ಮಾತು. ಈಗ ನಿಜವಾಗಿ ತೊಂದರೆ ಕೊಟ್ಟಾಗ ಮಾತ್ರ 'ಗೊಮೆನ್ ನೆ, ಅರಿಗತೋ' ಅಂತ ಜೊತೆಗೇ ಹೇಳುತ್ತೇನೆ. ಉಳಿದಾಗ ಕ್ಷಮೆಯನ್ನು ನಡುವೆ ತರುವುದಿಲ್ಲ.

5. ಆಫೀಸಿನಲ್ಲಿ ಕೇಳಿದ್ದನ್ನು ಹಾಗೇ ಮನೆಗೆ ತರಬಾರದು.

ನಮ್ಮ ಮ್ಯಾನೇಜರು ಕೆಲಸ ಮುಗಿಸಿ ಹೋಗುವವರಿಗೆ 'ಗೊಕುರೋಸಮ' ಅನ್ನುತ್ತಿದ್ದರು. ದಣಿದು ಬಂದಿದ್ದೀರಿ ಅನ್ನುವ ಒಳ್ಳೆಯ ಮಾತು ಅಂದುಕೊಂಡು, ತೋಟದ ಕೆಲಸ ಮುಗಿಸಿ ಬಂದ ಮಾವನಿಗೆ ನಾನೂ ಅದನ್ನೇ ಅಂದೆ. ಅದು ಮೇಲಿನವರು ಕೆಳಗಿನವರಿಗೆ ಹೇಳುವ ಮಾತು. ಮಾವ ಏನೂ ಅನ್ನಲಿಲ್ಲ, ಟವೆಲಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಅವತ್ತು ಪಟ್ಟ ನಾಚಿಕೆ ಇವತ್ತಿಗೂ ನೆನಪಿದೆ. ಹೇಳಬೇಕಾದದ್ದು 'ಒತ್ಸುಕರೆಸಮ'. ಗಂಡನಿಗಾದರೆ 'ಒತ್ಸುಕರೆ' ಸಾಕು. ಬಾಗಿಲಲ್ಲಿ ಬೂಟು ಬಿಚ್ಚುತ್ತಿರುವವನಿಗೆ ಅದನ್ನು ಹೇಳಿ ಬ್ಯಾಗು ಇಸಿದುಕೊಂಡರೆ ನಮ್ಮ 'ಸುಸ್ತಾಯ್ತಾ?' ಇದೆಯಲ್ಲ, ಅದೇ ಬಿಸಿ ಅದರಲ್ಲೂ ಇದೆ.

ಇನ್ನೊಂದು ಸಣ್ಣದು. ಅವನು ಅರಿಗತೋ ಅಂದಾಗ ಪುಸ್ತಕದಲ್ಲಿದ್ದ 'ದೋ ಇತಶಿಮಶ್ತೆ' ಅನ್ನುತ್ತಿದ್ದೆ. ಮನೆಯಲ್ಲಿ ಅದನ್ನು ಯಾರೂ ಅನ್ನುವುದಿಲ್ಲ. 'ಉಂ' ಅಂದರೆ ಆಯಿತು.

6. ಅರಿಗತೋ ಇಲ್ಲದ ಅರಿಗತೋ ಹುಡುಕಬೇಕು.

ಅವನು ತಿಂಡಿಗೆ ಕೂತಾಗ ಮೊದಲ ತುತ್ತಿಗೇ 'ಒಯಿಶೀ' ಅನ್ನುತ್ತಾನೆ, ರುಚಿಯಾಗಿದೆ ಅಂತ. ಎದ್ದಾಗ 'ಗೊಚಿಸೋಸಮ' ಅನ್ನುತ್ತಾನೆ. ನಾನು ಸುಮ್ಮನೆ ಊಟ ಮಾಡಿ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದೆ. ನಮ್ಮಲ್ಲಿ ಇನ್ನೊಂದು ಸೌಟು ಹಾಕಿಸಿಕೊಂಡರೆ ಹೊಗಳಿದ ಹಾಗೆ. ಅವನಿಗೆ ಅದು ಹೇಗೆ ಗೊತ್ತಾಗಬೇಕು? ತಾನು ಮಾಡಿದ ಅಡುಗೆ ನನಗೆ ಇಷ್ಟವಿಲ್ಲವೇನೋ ಅಂತ ಅವನು ತಿಂಗಳುಗಟ್ಟಲೆ ಉಪ್ಪು ಬದಲಾಯಿಸುತ್ತಿದ್ದನಂತೆ.

ನನಗೆ ಬಹಳ ಹತ್ತಿರವಾದ ಪದ 'ತಸುಕತ್ತ'. ಯಾರೋ ಮಾಡಿದ್ದರಿಂದ ಕಷ್ಟ ತಪ್ಪಿದಾಗ ಹೇಳುವುದು. ಒಮ್ಮೆ ವೀಸಾ ಕಾಗದಗಳ ನಡುವೆ ಕಳೆದುಹೋದ ಒಂದು ಹಾಳೆಯನ್ನು ಅವನು ರಾತ್ರಿ ಒಂದು ಗಂಟೆಗೆ ಅಡುಗೆಮನೆಯ ಡ್ರಾಯರಿನಲ್ಲಿ ಹುಡುಕಿ ತೆಗೆದ. 'ತಸುಕತ್ತ!' ಅಂತ ಬಾಯಿಂದ ತಾನಾಗಿ ಬಂತು. ಕನ್ನಡದಲ್ಲಿ ಯೋಚಿಸಿ ಹೊರಳಿಸಿದ್ದಲ್ಲ. ಆದರೂ ಅದು ನಮ್ಮ 'ಬದುಕಿದೆ'ಗೆ ಸರಿಯಾಗಿ ಹೊಂದುತ್ತದೆ. 'ನೀನಿದ್ದಿದ್ದಕ್ಕೆ ಬದುಕಿದೆ' ಅನ್ನುತ್ತೇವಲ್ಲ, ಆ ಬದುಕಿದೆ. 'ಧನ್ಯವಾದ'ದಲ್ಲಿ ಇಲ್ಲದ ಬಿಡುಗಡೆಯ ಉಸಿರು ಅದರಲ್ಲಿದೆ.

ನವೆಂಬರ್ 22 ಅನ್ನು ಜಪಾನಿನಲ್ಲಿ ಒಳ್ಳೆಯ ದಂಪತಿಗಳ ದಿನ ಅನ್ನುತ್ತಾರೆ. 11-22 ಅನ್ನು 'ಈ ಫೂಫು' ಅಂತ ಓದಬಹುದು, ಒಳ್ಳೆಯ ಗಂಡ ಹೆಂಡತಿ ಅಂತ ಅದರ ಅರ್ಥ. ಆ ದಿನಕ್ಕೆ ಚೀಟಿ ಬರೆದಿಟ್ಟರೆ 'ಇತ್ಸುಮೊ ಅರಿಗತೋ' ಚೆನ್ನಾಗಿ ಹೊಂದುತ್ತದೆ, ಯಾವಾಗಲೂ ಮಾಡುತ್ತಿರುವುದಕ್ಕೆ ಅರಿಗತೋ ಅಂತ. ನನ್ನ ಚೀಟಿಯಲ್ಲಿ ಅದರ ಕೆಳಗೆ ಸ್ಟೇಷನ್ನು, ಕೊಡೆ ಅಂತಲೂ ಬರೆಯುತ್ತೇನೆ.

7. ಅವನಿಗೂ ನನ್ನ ಭಾಷೆಯ ದಾರಿ ತೋರಿಸಬೇಕಿತ್ತು.

ಇಷ್ಟೆಲ್ಲ ಕಲಿಯುವ ಭರದಲ್ಲಿ ಇದನ್ನು ಮರೆತಿದ್ದೆ. ಮೊದಲ ಸಲ ಊರಿಗೆ ಹೋದಾಗ ಅವನು 'ಧನ್ಯವಾದಗಳು' ಅನ್ನುವುದನ್ನು ಉರು ಹೊಡೆದುಕೊಂಡು ಬಂದಿದ್ದ. ನೀರು ಕೊಟ್ಟರೆ ಧನ್ಯವಾದಗಳು, ಕಡುಬು ಬಡಿಸಿದರೆ ಧನ್ಯವಾದಗಳು. ಅಮ್ಮ ನನ್ನನ್ನು ಒಳಗೆ ಕರೆದು ಕೇಳಿದರು, 'ಯಾಕೆ ಹೀಗೆ ಭಾಷಣ ಮುಗಿಸಿದ ಹಾಗೆ ಹೇಳ್ತಾರೆ ಕಣೇ? ನಾವೇನು ಹೊರಗಿನವರಾ?' ನನ್ನ 'ಗೊಜಾಯ್ಮಸ್' ಅವನಿಗೆ ಹೇಗೆ ಕೇಳಿಸಿರಬಹುದು ಅಂತ ನನಗೆ ಪೂರ್ತಿ ಅರ್ಥವಾದದ್ದು ಆಗಲೇ.

ಹೋದ ಮಳೆಗಾಲ ಮತ್ತೆ ಹೋಗಿದ್ದೆವು. ಮೂರನೆಯ ದಿನ ಅವನಿಗೆ ನೆಗಡಿ ಹಿಡಿದು ಗಂಟಲು ಕಟ್ಟಿತು. ಅಮ್ಮ ಶುಂಠಿ, ಕಾಳುಮೆಣಸು, ಬೆಲ್ಲ ಹಾಕಿ ಕಷಾಯ ಕುದಿಸಿ ಲೋಟದಲ್ಲಿ ತಂದುಕೊಟ್ಟರು. ಅವನು ಎರಡೂ ಕೈಯಲ್ಲಿ ಹಿಡಿದು ಕುಡಿದ, ಕಣ್ಣು ಮುಚ್ಚಿ ಉಸಿರು ಬಿಟ್ಟ. 'ಬದುಕಿದೆ ಅಮ್ಮ' ಅಂದ. ಅಮ್ಮ ಏನೂ ಹೇಳದೆ ಲೋಟ ಇಸಿದುಕೊಂಡು ಮತ್ತೆ ತುಂಬಿಸಿಕೊಂಡು ಬರಲು ಒಳಗೆ ಹೋದರು.