ಮೊಟ್ಟೆಯ ಲೆಕ್ಕ

ಬೇಯಿಸಿದ ಮೊಟ್ಟೆ ಹಗುರ, ಕರಿದದ್ದು ಭಾರ ಎಂದು ಹಿರಿಯರು ಹೇಳುವುದುಂಟು. ಈ ಮಾತನ್ನು ಲೆಕ್ಕಕ್ಕಿಟ್ಟು ನೋಡಬಯಸುತ್ತೇನೆ.

ಚಿಪ್ಪು ಬಿಟ್ಟು 50 ಗ್ರಾಂ ತೂಗುವ ಕೋಳಿಮೊಟ್ಟೆಯಲ್ಲಿ ಸಸಾರಜನಕ ಸುಮಾರು 6 ಗ್ರಾಂ, ಕೊಬ್ಬು 5 ಗ್ರಾಂ. ಶರ್ಕರಪಿಷ್ಟ ಅರ್ಧ ಗ್ರಾಮಿಗೂ ಕಡಿಮೆ. ಒಟ್ಟು ಶಕ್ತಿ ಸುಮಾರು 72 ಕ್ಯಾಲೊರಿ.

ಚಿಪ್ಪಿನೊಡನೆ ನೀರಿನಲ್ಲಿ ಬೇಯಿಸಿದರೆ ಹೊರಗಿನಿಂದೇನೂ ಸೇರದು. ಆದುದರಿಂದ ಈ ಲೆಕ್ಕವೂ ಹೆಚ್ಚುಕಡಿಮೆ ಬದಲಾಗದು. ಶಾಖಕ್ಕೆ ಸಸಾರಜನಕದ ಎಳೆಗಳು ಬಿಚ್ಚಿಕೊಂಡು ಗಟ್ಟಿಯಾಗುತ್ತವೆ. ಅದರಿಂದಲೇ ಅದು ಹಸಿಮೊಟ್ಟೆಗಿಂತ ಚೆನ್ನಾಗಿ ಜೀರ್ಣವಾಗುತ್ತದೆ.

ಕರಿಯುವಾಗ ಸೇರುವುದು ಎಣ್ಣೆ. ಒಂದು ಚಿಕ್ಕ ಚಮಚೆಯಲ್ಲಿ ಸುಮಾರು 4.5 ಗ್ರಾಂ ಕೊಬ್ಬು, 40 ಕ್ಯಾಲೊರಿ. ಪೂರ್ತಿ ಹೀರಿದರೆ ಮೊಟ್ಟೆಯ ಕೊಬ್ಬು ಹತ್ತಿರಹತ್ತಿರ ಇಮ್ಮಡಿಯಾಯಿತು! ಕಾವಲಿಯನ್ನು ಮೊದಲು ಬರಿದಾಗಿ, ಕರಿದ ಮೇಲೆ ಮತ್ತೊಮ್ಮೆ ತೂಗಿದರೆ ಉಳಿದ ಎಣ್ಣೆ ತಿಳಿಯುತ್ತದೆ, ಅದನ್ನು ಕಳೆಯಬೇಕು.

ಅಷ್ಟೇ ಎಣ್ಣೆಯಲ್ಲಿ 30 ಮಿಲಿಲೀಟರು ಹಾಲು, 30 ಗ್ರಾಂ ಈರುಳ್ಳಿ ಬೆರೆಸಿ ಆಮ್ಲೆಟ್ಟು ಮಾಡಿದರೋ? ಸಸಾರಜನಕ ಒಂದು ಗ್ರಾಮಿನಷ್ಟು, ಶರ್ಕರಪಿಷ್ಟ 4 ಗ್ರಾಮಿನಷ್ಟು ಹೆಚ್ಚುತ್ತವೆ. ಆದರೆ ಇವೆರಡೂ ಕೂಡಿ ತರುವುದು 30 ಕ್ಯಾಲೊರಿ ಮಾತ್ರ. ಒಟ್ಟು ಸುಮಾರು 142. ಎಣ್ಣೆಯದೇ ಮೇಲುಗೈ.

100 ಗ್ರಾಮಿನ ಪಟ್ಟಿಗಳನ್ನು ಓದುವಾಗ ಎಚ್ಚರ ಬೇಕು. ಕರಿದಾಗ ನೀರು ಆರಿ ತೂಕ ತಗ್ಗುವುದರಿಂದ ಸಸಾರಜನಕ ಹೆಚ್ಚಿದಂತೆ ತೋರುತ್ತದೆ. ಲೆಕ್ಕವನ್ನು ಮೊಟ್ಟೆಯೊಂದಕ್ಕೆ ಹಾಕುವುದೇ ಸರಿ.