‘ನೋ ಅದರ್’ ಬರೆಯುವ ಮುಂಚೆ

ಪ್ಲೇಸ್‌ಮೆಂಟ್ ಟೆಸ್ಟಿನ ಇಂಗ್ಲಿಷ್ ಭಾಗದಲ್ಲಿ ಈ ವಾಕ್ಯ ಬಂತು ಅಂದ್ಕೊಳ್ಳಿ: ‘ಕಾಪರ್ ಈಸ್ ಒನ್ ಆಫ್ ದ ಮೋಸ್ಟ್ ಕಂಡಕ್ಟಿವ್ ಮೆಟಲ್ಸ್.’ ಇದನ್ನ ಪಾಸಿಟಿವ್ ಡಿಗ್ರಿಗೆ ಬದಲಿಸಬೇಕು. ಅವಸರದಲ್ಲಿ ನಾವು ಬರೆಯೋದು: ‘ನೋ ಅದರ್ ಮೆಟಲ್ ಈಸ್ ಆಸ್ ಕಂಡಕ್ಟಿವ್ ಆಸ್ ಕಾಪರ್.’ ವ್ಯಾಕರಣ ಸರಿ, ಅರ್ಥ ಕೆಟ್ಟಿತು. ಯಾಕಂದ್ರೆ ವಿದ್ಯುತ್ ಹರಿಸೋದ್ರಲ್ಲಿ ತಾಮ್ರಕ್ಕಿಂತ ಬೆಳ್ಳಿ ಮುಂದು.

‘ನೋ ಅದರ್’ ಸಲ್ಲೋದು ಮೊದಲ ಸ್ಥಾನ ಒಂದಕ್ಕೇ ಇದ್ದಾಗ. ಬೆಳ್ಳಿಯ ವಿಷಯ ಹಾಗೇ ಇದೆ:

ಸೂಪರ್ಲೇಟಿವ್: ಸಿಲ್ವರ್ ಈಸ್ ದ ಮೋಸ್ಟ್ ಕಂಡಕ್ಟಿವ್ ಮೆಟಲ್.
ಕಂಪ್ಯಾರಟಿವ್: ಸಿಲ್ವರ್ ಈಸ್ ಮೋರ್ ಕಂಡಕ್ಟಿವ್ ದ್ಯಾನ್ ಎನಿ ಅದರ್ ಮೆಟಲ್.
ಪಾಸಿಟಿವ್: ನೋ ಅದರ್ ಮೆಟಲ್ ಈಸ್ ಆಸ್ ಕಂಡಕ್ಟಿವ್ ಆಸ್ ಸಿಲ್ವರ್.

ಇಲ್ಲಿ ‘ಅದರ್’ ಬಿಟ್ಟರೆ ಬೆಳ್ಳಿ ತನಗಿಂತ ತಾನೇ ಹೆಚ್ಚು ಅಂದಂಗಾಗುತ್ತೆ, ಅದೂ ಒಂದು ಲೋಹವೇ ತಾನೇ!

‘ಒನ್ ಆಫ್ ದ’ ಇದ್ದರೆ ಮುಂಚೂಣಿಯಲ್ಲಿ ಒಂದು ಗುಂಪೇ ಇದೆ ಅಂತರ್ಥ. ಆಗ ತಾಮ್ರಕ್ಕೆ ಹೀಗೆ ಬರೀಬೇಕು:

ಕಂಪ್ಯಾರಟಿವ್: ಕಾಪರ್ ಈಸ್ ಮೋರ್ ಕಂಡಕ್ಟಿವ್ ದ್ಯಾನ್ ಮೋಸ್ಟ್ ಅದರ್ ಮೆಟಲ್ಸ್.
ಪಾಸಿಟಿವ್: ವೆರಿ ಫ್ಯೂ ಮೆಟಲ್ಸ್ ಆರ್ ಆಸ್ ಕಂಡಕ್ಟಿವ್ ಆಸ್ ಕಾಪರ್.

ವಾಪಸ್ ಬರುವಾಗಲೂ ಇದೇ ದಾರಿ. ‘ವೆರಿ ಫ್ಯೂ’ ಕಂಡರೆ ಸೂಪರ್ಲೇಟಿವ್‌ನಲ್ಲಿ ‘ಒನ್ ಆಫ್ ದ’ ಬರಲೇಬೇಕು. ‘ನೋ ಅದರ್’ ಕಂಡರೆ ಬರೀ ‘ದ ಮೋಸ್ಟ್’ ಸಾಕು.

ಎರಡೇ ವಸ್ತುಗಳ ಹೋಲಿಕೆ ಬಂದ್ರೆ? ‘ಅಲ್ಯೂಮಿನಿಯಮ್ ಈಸ್ ನಾಟ್ ಆಸ್ ಕಂಡಕ್ಟಿವ್ ಆಸ್ ಕಾಪರ್’ ಅನ್ನೋದು ‘ಕಾಪರ್ ಈಸ್ ಮೋರ್ ಕಂಡಕ್ಟಿವ್ ದ್ಯಾನ್ ಅಲ್ಯೂಮಿನಿಯಮ್’ ಆಗುತ್ತೆ. ಅಲ್ಲಿಗೆ ನಿಲ್ಲಿಸೋಣ. ಮಿಕ್ಕ ಲೋಹಗಳ ಮಾತೇ ಅದರಲ್ಲಿಲ್ಲ, ಹಾಗಾಗಿ ಸೂಪರ್ಲೇಟಿವ್ ಹುಟ್ಟೋದಿಲ್ಲ.

ಉತ್ತರ ಬರೆದ ಮೇಲೆ ಒಂದೇ ಪ್ರಶ್ನೆ ಕೇಳ್ಕೊಳ್ಳೋಣ: ಮೂಲ ವಾಕ್ಯದಲ್ಲಿ ಬೆಳ್ಳಿಗೆ ಜಾಗ ಇತ್ತು, ನಮ್ಮ ಉತ್ತರದಲ್ಲೂ ಇದೆಯಾ?